ಅಲ್ಯೂಮಿನಾ ಸುಡಲು ತಂದ ಚೇಂಬರ್ ಫರ್ನೇಸ್: ವರ್ಷಗಟ್ಟಲೆ ಬಳಸಿದ ಮೇಲಿನ ಮಾತು

ಈ ಫರ್ನೇಸ್ 1700 ಡಿಗ್ರಿ ಮುಟ್ಟುತ್ತದೆಯೇ ಅಂತ ಕೇಳಿದರೆ, ಹೌದು, ಮುಟ್ಟುತ್ತದೆ. ಅದರಲ್ಲಿ ನನಗೆ ತಕರಾರಿಲ್ಲ. ಕೊನೆಯ ನೂರು ಡಿಗ್ರಿಯನ್ನು ಅದು ಹೇಗೆ ಏರುತ್ತದೆ ಅನ್ನೋದೇ ನನ್ನ ತಕರಾರು. ಕ್ಯಾಟಲಾಗ್‌ನಲ್ಲಿ ಈ ವಿಷಯ ಎಲ್ಲೂ ಇರಲಿಲ್ಲ, ನಮ್ಮ ಮಾಲು ಕೆಟ್ಟಿದ್ದು ಮಾತ್ರ ಇದರಿಂದಲೇ.

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಪುಟ್ಟ ಯೂನಿಟ್. ರೇಷ್ಮೆ ಟ್ವಿಸ್ಟಿಂಗ್ ಮಷೀನ್‌ಗಳಿಗೆ ಹಾಕುವ ಅಲ್ಯೂಮಿನಾ ಥ್ರೆಡ್ ಗೈಡ್ ಮಾಡುತ್ತೇವೆ. ದಾರ ಈ ಗೈಡ್‌ಗೆ ಉಜ್ಜಿಕೊಂಡೇ ಇಡೀ ದಿನ ಓಡುತ್ತದೆ. ಪಾಲಿಶ್ ಮಾಡಿದ ಮೇಲೆ ಸಣ್ಣದೊಂದು ಗುಳಿ ಉಳಿದರೂ ಸಾಕು, ಎಳೆ ಅಲ್ಲಿ ಸಿಕ್ಕಿ ನಾರು ಏಳುತ್ತದೆ, ಆಮೇಲೆ ಹರಿಯುತ್ತದೆ. ಗಿರಾಕಿ ಫೋನ್ ಮಾಡುವುದು ಆಗಲೇ. ಹಾಗಾಗಿ ಒಳಗೆ ಎಷ್ಟು ರಂಧ್ರ ಉಳಿದಿದೆ ಅನ್ನೋದು ನಮಗೆ ದಿನನಿತ್ಯದ ಲೆಕ್ಕ.

ಫರ್ನೇಸ್ ಜೊತೆ ಕಂಪನಿಯವರೇ ಒಂದು ಪ್ರೋಗ್ರಾಂ ಹಾಕಿಕೊಟ್ಟಿದ್ದರು. ಹಸಿ ಪುಡಿಯನ್ನು ಅಂಟಿಸಿ ಹಿಡಿದ ಬೈಂಡರ್ ಸುಟ್ಟುಹೋಗಲಿ ಅಂತ 600 ಡಿಗ್ರಿವರೆಗೆ ನಿಮಿಷಕ್ಕೆ 1 ಡಿಗ್ರಿ. ಅಲ್ಲಿಂದ ನಿಮಿಷಕ್ಕೆ 5 ಡಿಗ್ರಿಯಂತೆ ನೇರ 1600. ಅಲ್ಲಿ 2 ಗಂಟೆ ನಿಲುಗಡೆ. ನೋಡಲು ಚೆನ್ನಾಗಿಯೇ ಇದೆ. ಮಾಲು ಹೊರಗೆ ಬಂದಾಗಲೂ ಚೆನ್ನಾಗಿಯೇ ಕಾಣುತ್ತಿತ್ತು. ಬೆಳ್ಳಗೆ, ಗಟ್ಟಿಯಾಗಿ, ತಟ್ಟಿದರೆ ಟಣ್ ಅನ್ನುತ್ತಿತ್ತು. ಶಾಯಿ ಹಾಕಿದರೂ ಹೀರುತ್ತಿರಲಿಲ್ಲ. ಪಾಲಿಶ್ ಆದಮೇಲೆ ಮಾತ್ರ ಮೈಯೆಲ್ಲ ಸೂಜಿಮೊನೆಯಷ್ಟು ಗುಳಿಗಳು.

ಸರ್ವಿಸ್‌ಗೆ ಬಂದ ಹುಡುಗ ಡಿಸ್‌ಪ್ಲೇ ತೋರಿಸಿ, “ಮೇಡಂ, 1600ಕ್ಕೆ 1600 ನಿಂತಿದೆ ನೋಡಿ, ಪೌಡರ್‌ದೇ ಪ್ರಾಬ್ಲಂ” ಅಂದ. ನಿಂತಿರುವುದು ನಿಜ. ಆದರೆ ನಿಲ್ಲುವ ಮುಂಚೆ ಏನಾಯಿತು? ಒಂದು ರಾತ್ರಿ ಪಕ್ಕದಲ್ಲೇ ಕೂತು ರೀಡಿಂಗ್ ಬರೆದುಕೊಂಡೆ. 1600 ದಾಟಿ 1628ರವರೆಗೆ ಹೋಯಿತು. ವಾಪಸ್ ಇಳಿದು ನೆಲೆ ನಿಲ್ಲಲು ಅರ್ಧ ಗಂಟೆಗೂ ಜಾಸ್ತಿ ತೆಗೆದುಕೊಂಡಿತು.

28 ಡಿಗ್ರಿ ಏನು ಮಹಾ ಅನಿಸಬಹುದು. ಅದಕ್ಕೇ ಒಳಗೆ ನಡೆಯುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪ್ರೆಸ್‌ನಿಂದ ಬಂದ ಹಸಿ ತುಂಡಿನಲ್ಲಿ ಸುಮಾರು 58 ಪರ್ಸೆಂಟ್ ಮಾತ್ರ ಪುಡಿ, ಉಳಿದದ್ದು ಖಾಲಿ ಜಾಗ. ಬಿಸಿ ಏರಿದಂತೆ ಕಣಗಳು ಮುಟ್ಟಿಕೊಂಡ ಕಡೆ ಬೆಸೆಯುತ್ತವೆ. ಯಾವುದೂ ಕರಗುವುದಿಲ್ಲ. ಅಲ್ಯೂಮಿನಾ ಕರಗಲು 2000 ಡಿಗ್ರಿ ದಾಟಬೇಕು. ಪರಮಾಣುಗಳೇ ನಿಧಾನವಾಗಿ ಸರಿದು ಖಾಲಿ ಜಾಗ ತುಂಬುತ್ತವೆ, ತುಂಡು ಕುಗ್ಗುತ್ತದೆ. ನಮ್ಮ ಡೈ 11.9 ಮಿ.ಮೀ. ಇದ್ದರೆ ಸುಟ್ಟ ಮೇಲೆ ಸಿಗುವುದು ಸುಮಾರು 10 ಮಿ.ಮೀ. ರಂಧ್ರಗಳು ಒಂದಕ್ಕೊಂದು ಕೊಳವೆಯಂತೆ ಕೂಡಿಕೊಂಡಿರುವವರೆಗೆ ಈ ಕೆಲಸ ಸಲೀಸಾಗಿ ನಡೆಯುತ್ತದೆ. ಸಾಂದ್ರತೆ 92 ಪರ್ಸೆಂಟ್ ಆಸುಪಾಸಿಗೆ ಬಂದಾಗ ಕೊಳವೆಗಳು ಮುಚ್ಚಿಕೊಳ್ಳುತ್ತವೆ. ಒಂದೊಂದು ರಂಧ್ರವೂ ಒಂಟಿಯಾಗುತ್ತದೆ. ಆಟ ಕೆಡುವುದು ಇಲ್ಲಿಂದ ಮುಂದೆ.

ಅಲ್ಲಿಯವರೆಗೆ ಬೆಸೆದ ಕಣಗಳ, ಅಂದರೆ ಹರಳುಗಳ ನಡುವಿನ ಗಡಿಯನ್ನು ರಂಧ್ರಗಳೇ ಹಿಡಿದು ನಿಲ್ಲಿಸಿರುತ್ತವೆ. ರಂಧ್ರ ಕಡಿಮೆಯಾದಷ್ಟೂ ಹಿಡಿತ ಸಡಿಲ. ಶಾಖ ಜಾಸ್ತಿಯಾದಷ್ಟೂ ಗಡಿ ಸರಿಯುವ ವೇಗ ಜಾಸ್ತಿ. ದೊಡ್ಡ ಹರಳುಗಳು ಸಣ್ಣವನ್ನು ನುಂಗಿ ಬೆಳೆಯತೊಡಗುತ್ತವೆ. ಯಾವುದೋ ಒಂದು ಹಂತದಲ್ಲಿ ಗಡಿ ರಂಧ್ರವನ್ನು ಬಿಟ್ಟು ಮುಂದೆ ಹೋಗಿಬಿಡುತ್ತದೆ, ರಂಧ್ರ ಹರಳಿನ ಹೊಟ್ಟೆಯೊಳಗೆ ಸಿಕ್ಕಿಬೀಳುತ್ತದೆ. ರಂಧ್ರ ತುಂಬಲು ಪರಮಾಣುಗಳು ಬರುವುದು ಆ ಗಡಿಯಿಂದಲೇ. ಗಡಿ ದೂರವಾದ ಮೇಲೆ ಆ ರಂಧ್ರ ಹೆಚ್ಚುಕಡಿಮೆ ಶಾಶ್ವತ. ಆಮೇಲೆ ಹತ್ತು ಗಂಟೆ ಸುಟ್ಟರೂ ಹರಳು ದಪ್ಪವಾಗುತ್ತದೆ, ರಂಧ್ರ ಹಾಗೇ ಉಳಿಯುತ್ತದೆ. ನಮ್ಮ ಫರ್ನೇಸ್ ಮಿತಿ ಮೀರಿ ಹಾರುತ್ತಿದ್ದದ್ದು ಸರಿಯಾಗಿ ಈ ಗಳಿಗೆಯಲ್ಲಿ.

ನಮ್ಮ ಪುಡಿಯಲ್ಲಿ ಚೂರೇ ಚೂರು ಮೆಗ್ನೀಷಿಯಾ ಸೇರಿಸಿರುತ್ತಾರೆ. ಗಡಿ ತೀರಾ ಓಡದಂತೆ ಅದು ತಡೆಯುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ರಾಬರ್ಟ್ ಕೋಬಲ್ ಈ ದಾರಿ ಹಿಡಿದೇ ಬೆಳಕು ಹಾಯುವಂಥ ಅಲ್ಯೂಮಿನಾ ಮಾಡಿದರು. ಬೀದಿದೀಪದ ಸೋಡಿಯಂ ಲ್ಯಾಂಪ್‌ಗೆ ಅದೇ ಕೊಳವೆ. ಅವರು ಸುಟ್ಟದ್ದು ಹೈಡ್ರೋಜನ್‌ನಲ್ಲಿ, ನಾವು ಸುಡುವುದು ಗಾಳಿಯಲ್ಲಿ. ಮುಚ್ಚಿದ ರಂಧ್ರದಲ್ಲಿ ಉಳಿದ ನೈಟ್ರೋಜನ್ ಅಲ್ಯೂಮಿನಾದ ಮೂಲಕ ಹೊರಬರುವುದಿಲ್ಲ. ಹಾಗಾಗಿ ನಮಗೆ ನೂರಕ್ಕೆ ನೂರು ಸಿಗುವ ಮಾತಿಲ್ಲ. 98 ಸಿಕ್ಕರೆ ನನ್ನ ಗಿರಾಕಿಗೆ ಸಾಕು.

ಕೈಗೆ ಸಿಕ್ಕ ಪುರಾವೆ ಇದು. ಪ್ರತಿ ಲೋಡ್ ಜೊತೆ ಒಂದು ದಪ್ಪ ಟೆಸ್ಟ್ ಬಿಲ್ಲೆ ಇಡುತ್ತೇವೆ. ಗೈಡ್‌ಗಳು ತೀರಾ ಹಗುರ, ಅವುಗಳಲ್ಲಿ ತೂಕದ ಲೆಕ್ಕ ನಂಬಲಾಗದು. ಬಿಲ್ಲೆಯನ್ನು ಒಣಗಿಸಿ ತೂಗಿದರೆ 24.60 ಗ್ರಾಂ. ನೀರಲ್ಲಿ ಕುದಿಸಿ, ರಾತ್ರಿಯಿಡೀ ಅದೇ ನೀರಲ್ಲಿ ಬಿಟ್ಟು, ನೀರೊಳಗೇ ತೂಗುಹಾಕಿ ತೂಗಿದರೆ 18.20. ಹೊರತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿ ತೂಗಿದರೆ 24.62. ಒದ್ದೆ ತೂಕದಲ್ಲಿ ನೀರೊಳಗಿನ ತೂಕ ಕಳೆದರೆ 6.42. ಒಣ ತೂಕವನ್ನು ಅದರಿಂದ ಭಾಗಿಸಿ, 25 ಡಿಗ್ರಿ ನೀರಿನ ಸಾಂದ್ರತೆ 0.997ರಿಂದ ಗುಣಿಸಿದರೆ ಬಿಲ್ಲೆಯ ಸಾಂದ್ರತೆ 3.82. ಒಂದೂ ರಂಧ್ರವಿಲ್ಲದ ಅಲ್ಯೂಮಿನಾ 3.98 ಇರಬೇಕು. ಅಂದರೆ 4 ಪರ್ಸೆಂಟ್ ರಂಧ್ರ ಉಳಿದಿದೆ. ಬಿಲ್ಲೆ ಕುಡಿದ ನೀರು ಬರೀ 0.02 ಗ್ರಾಂ, ಅಂದರೆ ಹೊರಕ್ಕೆ ತೆರೆದ ರಂಧ್ರ 0.3 ಪರ್ಸೆಂಟ್. ಮಿಕ್ಕಿದ್ದೆಲ್ಲ ಒಳಗೆ ಮುಚ್ಚಿಹೋಗಿದೆ. ಶಾಯಿ ಯಾಕೆ ಹೀರಲಿಲ್ಲ ಅಂತ ಈಗ ಗೊತ್ತಾಯ್ತಲ್ವಾ? ಶಾಯಿ ಹೀರಿದರೆ ಸುಟ್ಟದ್ದು ಸಾಲದು ಅಂತ. ಶಾಯಿ ಹೀರದೆ ಸಾಂದ್ರತೆಯೂ ಕಡಿಮೆ ಬಂದರೆ ಇನ್ನಷ್ಟು ಸುಡುವುದು ಪರಿಹಾರವಲ್ಲ.

ಬಿಲ್ಲೆಯ ಒಂದು ತುಂಡನ್ನು ಕನ್ನಡಿಯಂತೆ ಪಾಲಿಶ್ ಮಾಡಿ, ಹರಳಿನ ಗೆರೆ ಕಾಣಲಿ ಅಂತ 1450 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಕಾಯಿಸಿ, ಪರಿಚಯದ ಕಾಲೇಜೊಂದರ ಮೈಕ್ರೋಸ್ಕೋಪಲ್ಲಿ ನೋಡಿದೆವು. ದೊಡ್ಡ ಹರಳುಗಳು, ಅವುಗಳ ಒಳಗೆ ದುಂಡು ದುಂಡು ಸಣ್ಣ ರಂಧ್ರಗಳು. ಪೌಡರ್ ಅಥವಾ ಪ್ರೆಸ್ಸಿಂಗ್ ತಪ್ಪಾಗಿದ್ದರೆ ಚಿತ್ರ ಬೇರೆ ಇರುತ್ತದೆ. ಪುಡಿಯ ಉಂಡೆಗಳು ಒಡೆಯದೆ ಉಳಿದಾಗ ಅವುಗಳ ನಡುವೆ ಉದ್ದುದ್ದ, ಅಡ್ಡಾದಿಡ್ಡಿ ಬಿರುಕಿನಂಥ ರಂಧ್ರ ಕಾಣುತ್ತದೆ. ಸುತ್ತಲಿನ ಹರಳಿಗಿಂತ ಅವು ಎಷ್ಟೋ ದೊಡ್ಡವು, ಯಾವ ಫರ್ನೇಸೂ ಅವನ್ನು ಮುಚ್ಚುವುದಿಲ್ಲ. ನಮ್ಮ ತುಂಡಿನಲ್ಲಿ ಅಂಥವು ಇರಲಿಲ್ಲ.

ಈ ಚಿತ್ರ ಇಟ್ಟುಕೊಂಡು ಮತ್ತೆ ಜಗಳವಾಡಿದ ಮೇಲೆ ಅನುಭವಸ್ಥರೊಬ್ಬರನ್ನು ಕಳಿಸಿದರು. ಅವರು ಬಂದು ಕಂಟ್ರೋಲರ್ ತೆರೆದು ನೋಡಿದರೆ, ಎಷ್ಟು ಕರೆಂಟ್ ಕೊಟ್ಟರೆ ಶಾಖ ಹೇಗೆ ಏರುತ್ತದೆ ಅಂತ ಕಂಟ್ರೋಲರ್ ತಾನೇ ಕಲಿಯುವ ಆಟೋಟ್ಯೂನ್ ಮಾಡಿದ್ದು 800 ಡಿಗ್ರಿಯಲ್ಲಿ! ಈ ಎಲಿಮೆಂಟ್‌ಗಳು ಮಾಲಿಬ್ಡಿನಂ ಡೈಸಿಲಿಸೈಡ್. ಬಿಸಿಯಾದಂತೆ ಅವುಗಳ ರೆಸಿಸ್ಟೆನ್ಸ್ ಬಹಳ ಏರುತ್ತದೆ. 1600ರಲ್ಲಿ ಶಾಖ ಸಾಗುವುದೂ ಬಹುಪಾಲು ವಿಕಿರಣದಿಂದ. 800ರಲ್ಲಿ ಕಲಿತ ಪಾಠ ಅಲ್ಲಿ ನಡೆಯುವುದಿಲ್ಲ. ಸುಡುವ ತಾಪಮಾನದ ಹತ್ತಿರವೇ, ಲೋಡ್ ಇಟ್ಟುಕೊಂಡೇ ಮತ್ತೆ ಆಟೋಟ್ಯೂನ್ ಮಾಡಿಸಿದೆವು. ಅದಾದ ಮೇಲೆ ಮೂರು ನಾಲ್ಕು ಡಿಗ್ರಿಗಿಂತ ಹೆಚ್ಚು ಮೀರಿಲ್ಲ. ಇಷ್ಟು ಕೆಲಸ ಮೊದಲೇ ಮಾಡಿ ಕೊಟ್ಟಿದ್ದರೆ ಅಷ್ಟು ಮಾಲು ಎಸೆಯಬೇಕಿರಲಿಲ್ಲ.

ಇಲ್ಲಿಂದ ಮುಂದೆ ನನ್ನ ಮಾತು ಮೆತ್ತಗಾಗುತ್ತದೆ, ಯಾಕಂದರೆ ಸರಿಯಾದ ಮೇಲೆ ಈ ಫರ್ನೇಸ್ ನಿಜಕ್ಕೂ ಮಾತು ಕೇಳುತ್ತದೆ. ಪ್ರೋಗ್ರಾಂ ಬದಲಿಸಿದೆವು. 600ರಿಂದ 1400ರವರೆಗೆ ನಿಮಿಷಕ್ಕೆ 5 ಡಿಗ್ರಿ, ಅಲ್ಲಿಂದ 2 ಡಿಗ್ರಿ. ಮೇಲಿನ ಮಿತಿ 1600 ಬದಲು 1550, ನಿಲುಗಡೆ 3 ಗಂಟೆ. ತಾಪ ಕಡಿಮೆ, ಸಮಯ ಜಾಸ್ತಿ. ನಮ್ಮ ಅರ್ಧ ಮೈಕ್ರಾನ್ ಪುಡಿಗೆ ರಂಧ್ರ ತುಂಬಲು ಇಷ್ಟು ತಾಪ ಸಾಕು, ಗಡಿಗಳು ತಪ್ಪಿಸಿಕೊಂಡು ಓಡುವಷ್ಟು ಮಾತ್ರ ಇಲ್ಲ. ಅದೇ ಬ್ಯಾಚ್ ಪುಡಿಯ ಬಿಲ್ಲೆ ಈಗ ಒಣ ತೂಕ 24.58, ನೀರೊಳಗೆ 18.31, ಒದ್ದೆಯಲ್ಲೂ 24.58. ಸಾಂದ್ರತೆ 3.91, ಅಂದರೆ 98 ಪರ್ಸೆಂಟ್ ದಾಟಿತು. 1500ಕ್ಕೂ ಇಳಿಸಿ ನೋಡಿದೆವು. ಅಲ್ಲಿ ಶಾಯಿ ಹೀರಿತು. ಕೊಳವೆಗಳು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ನಿಮ್ಮ ಪುಡಿ ದಪ್ಪ ಇದ್ದರೆ ಈ ಅಂಕಿಗಳು ನಿಮಗೆ ಹೊಂದುವುದಿಲ್ಲ, ಬಿಲ್ಲೆ ಇಟ್ಟೇ ಹುಡುಕಬೇಕು.

ಲೋಡ್ ಮಾಡುವ ಸಂಜೆ ನನಗೆ ಬಹಳ ಇಷ್ಟದ ಹೊತ್ತು. ಅಲ್ಯೂಮಿನಾ ಪ್ಲೇಟ್ ಮೇಲೆ ದಪ್ಪ ಅಲ್ಯೂಮಿನಾ ಪುಡಿಯನ್ನು ರಂಗೋಲಿ ಹಿಟ್ಟಿನ ಹಾಗೆ ಬೆರಳಲ್ಲಿ ಉದುರಿಸುತ್ತೇನೆ. ಕುಗ್ಗುವಾಗ ತುಂಡು ಅದರ ಮೇಲೆ ಜಾರಬೇಕು, ಇಲ್ಲದಿದ್ದರೆ ತಳ ಹಿಡಿದು ಸೊಟ್ಟಗಾಗುತ್ತದೆ. ಗೈಡ್‌ಗಳನ್ನು ಒಂದಕ್ಕೊಂದು ತಾಗದಂತೆ ಜೋಡಿಸಿ, ಮುಂದೊಂದು ಹಿಂದೊಂದು ತಾಪ ಅಳೆಯುವ ಸೆರಾಮಿಕ್ ರಿಂಗ್ ಇಡುತ್ತೇನೆ. ಈ ರಿಂಗ್ ಬಿಸಿಗೆ ಎಷ್ಟು ಕುಗ್ಗಿತು ಅಂತ ಮೈಕ್ರೋಮೀಟರಲ್ಲಿ ಅಳೆದು ಪಟ್ಟಿ ನೋಡಿದರೆ, ಆ ಜಾಗದಲ್ಲಿ ಮಾಲು ನಿಜವಾಗಿ ಉಂಡ ಶಾಖ ತಿಳಿಯುತ್ತದೆ. ನಮ್ಮ ಫರ್ನೇಸಲ್ಲಿ ಹಿಂಭಾಗ ಮುಂಭಾಗಕ್ಕಿಂತ ಸುಮಾರು 20 ಡಿಗ್ರಿ ಜಾಸ್ತಿ. ಬಾಗಿಲ ಕಡೆಯಿಂದ ಶಾಖ ಸೋರುವುದೇ ಕಾರಣ, ಇದಕ್ಕೆ ಕಂಪನಿಯವರ ಬಳಿ ಉತ್ತರವಿಲ್ಲ. ಹಾಗಾಗಿ ರೇಷ್ಮೆಯ ಗೈಡ್‌ಗಳು ನಡುವೆ, ಪಾಲಿಶ್ ಬೇಡದ ಇನ್ಸುಲೇಟರ್ ತುಂಡುಗಳು ಹಿಂದೆ.

ಕರೆಂಟ್ ಹೋಗಿ ಬಂದರೆ ಕಂಟ್ರೋಲರ್ ಆಗಿನ ತಾಪದಿಂದಲೇ ಪ್ರೋಗ್ರಾಂ ಮುಂದುವರಿಸುತ್ತದೆ, ಮೊದಲಿಂದ ಶುರು ಮಾಡುವುದಿಲ್ಲ. ನಮ್ಮ ಲೈನ್‌ಗೆ ಇದು ದೊಡ್ಡ ಉಪಕಾರ.

ಕೊಳ್ಳುವವರಿಗೆ: ನನ್ನ ಬಜೆಟ್‌ಗೆ ಎಟುಕಿದ್ದು ಇದೇ, ಇವತ್ತು ಕೊಂಡರೂ ಇದನ್ನೇ ಕೊಳ್ಳುತ್ತೇನೆ. ಆದರೆ ಬಾಕಿ ಹಣ ಕೊಡುವ ಮುಂಚೆ ನಿಮ್ಮ ಯೂನಿಟ್‌ನಲ್ಲೇ, ನಿಮ್ಮ ಲೋಡ್ ಇಟ್ಟು, ನಿಮ್ಮ ಸುಡುವ ತಾಪದಲ್ಲೇ ಆಟೋಟ್ಯೂನ್ ಮಾಡಿಸಿ, ಎಷ್ಟು ಡಿಗ್ರಿ ಮೀರುತ್ತದೆ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ರಿಂಗ್ ಇಡುವುದನ್ನು ಆಮೇಲೂ ಬಿಡಬೇಡಿ. ಡಿಸ್‌ಪ್ಲೇಗೆ ಒಳಗಿನ ತಾಪ ಅಳೆದು ಕೊಡುವ ಬಿ ಟೈಪ್ ಥರ್ಮೋಕಪಲ್ ಹಳೆಯದಾದಂತೆ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಡಿಸ್‌ಪ್ಲೇ 1550 ಅನ್ನುತ್ತಿರುವಾಗ ಒಳಗೆ ಅದಕ್ಕಿಂತ ಜಾಸ್ತಿ ಆಗಿರುತ್ತದೆ. ನಮ್ಮದರಲ್ಲಿ ರಿಂಗ್ ಮತ್ತು ಡಿಸ್‌ಪ್ಲೇ ನಡುವೆ 10 ಡಿಗ್ರಿ ವ್ಯತ್ಯಾಸ ಬಂದ ದಿನ ಥರ್ಮೋಕಪಲ್ ಬದಲಿಸುತ್ತೇವೆ.