ಇಜ್ಮಿರ್‌ನ ಕಾಗದ, ಶಾಂಘೈನ ಕಾಗದ: ಎರಡು ಕೊಟೇಶನ್ ಓದಿ ನಾವು ಕಲಿತದ್ದು

ಸುಂಟಿಕೊಪ್ಪದ ಹತ್ತಿರ ನಮ್ಮ ತೋಟ. ಹೋಂಸ್ಟೇಗೆ ಬಂದವರು ಹೋಗುವಾಗ ಹುರಿದ ಕಾಫಿ ಕೇಳುತ್ತಿದ್ದರು, ನಾವು ಪ್ರತಿ ಸಲ ಬೀಜವನ್ನು ಬೇರೆಯವರ ಹತ್ತಿರ ಹುರಿಸಿ ತರಬೇಕಿತ್ತು. 2024ರ ಫೆಬ್ರವರಿಯಲ್ಲಿ ನಾನೂ ವಿರಾಜಪೇಟೆಯ ಭಾವನೂ ಒಂದೊಂದು ಐದು ಕಿಲೋ ರೋಸ್ಟರ್ ತರಿಸೋಣ ಎಂದು ಕೂತೆವು. ಎರಡು ಕೊಟೇಶನ್ ಕೈಯಲ್ಲಿದ್ದವು. ಒಂದು ಟರ್ಕಿಯದು, ಇನ್ನೊಂದು ಚೀನಾದ್ದು. ಕೊನೆಗೆ ನಾನು ಟರ್ಕಿಯದನ್ನೂ ಭಾವ ಚೀನಾದ್ದನ್ನೂ ತೆಗೆದುಕೊಂಡಿದ್ದರಿಂದ, ಎರಡು ಕಾಗದದಲ್ಲಿ ಬರೆದದ್ದು ಮನೆ ಬಾಗಿಲಿಗೆ ಬರುವ ಹೊತ್ತಿಗೆ ಏನಾಯಿತು ಎಂದು ಪಕ್ಕಪಕ್ಕ ಇಟ್ಟು ನೋಡಲು ಆಯಿತು. ಮೆಷೀನಿನ ಗುಣದ ಮಾತು ಇಲ್ಲಿಲ್ಲ, ಎರಡೂ ಚೆನ್ನಾಗಿಯೇ ಹುರಿಯುತ್ತವೆ.

ಟರ್ಕಿಯ ಕಾಗದದಲ್ಲಿ ಬೆಲೆ 6.850,00 ಯೂರೋ ಎಂದಿತ್ತು. ನನ್ನ ಹೆಂಡತಿ ನೋಡಿ, "ಏಳು ಯೂರೋ ಕೂಡ ಇಲ್ವಲ್ಲ, ನಾಲ್ಕು ತಗೊಳ್ಳಿ" ಎಂದು ನಕ್ಕಳು. ನಾವು ಸಾವಿರಕ್ಕೆ ಕಾಮಾ ಹಾಕಿ ಪೈಸೆಗೆ ಚುಕ್ಕಿ ಇಡುತ್ತೇವೆ. ಟರ್ಕಿ, ಇಟಲಿ, ಜರ್ಮನಿ, ಬ್ರೆಜಿಲ್‌ನವರು ತಿರುಗಿಸಿ ಬರೆಯುತ್ತಾರೆ. ದೊಡ್ಡ ಮೊತ್ತದಲ್ಲಿ ಇದು ತಮಾಷೆ. ಆದರೆ ಬಿಡಿಭಾಗದ ಪಟ್ಟಿಯಲ್ಲಿ 1.250 ಎಂದು ಕಂಡರೆ ಅದು ಒಂದೂಕಾಲು ಯೂರೋನ ಬೋಲ್ಟೋ ಸಾವಿರದ ಇನ್ನೂರೈವತ್ತರ ಮೋಟಾರೋ ಎಂದು ಸಾಲಿನ ಮೊತ್ತ ಕೂಡಿಸಿ ನೋಡಿಯೇ ತಿಳಿಯಬೇಕು.

ಚೀನಾದ ಕಾಗದದಲ್ಲಿ 7,900 ಡಾಲರ್. ಆಗ ಯೂರೋ ಸುಮಾರು 90 ರೂಪಾಯಿ, ಡಾಲರ್ 83. ಅಂದರೆ ಟರ್ಕಿಯದು 6,16,500, ಚೀನಾದ್ದು 6,55,700. ಟರ್ಕಿಯದೇ 39 ಸಾವಿರ ಅಗ್ಗ ಎಂದು ನಾನು ಹಿಗ್ಗಿದ್ದು ಇಲ್ಲಿಯೇ. ಈ ಎರಡು ಅಂಕಿ ಬೇರೆ ಬೇರೆ ಊರಿನಲ್ಲಿ ನಿಂತು ಹೇಳಿದ ಬೆಲೆ ಎಂಬುದು ಆಮೇಲೆ ಗೊತ್ತಾಯಿತು.

ಬೆಲೆಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಮೂರಕ್ಷರದ ಒಂದು ಗುರುತು ಇರುತ್ತದೆ. ಪ್ಯಾರಿಸ್‌ನ ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್ ಮಾಡಿದ ಇನ್‌ಕೋಟರ್ಮ್ಸ್ ಎಂಬ ಪಟ್ಟಿಯಿಂದ ಬಂದದ್ದು ಅದು. ಈಗಿನದು 2020ರ ಪಟ್ಟಿ, ಅದರಲ್ಲಿ ಹನ್ನೊಂದು ಗುರುತುಗಳಿವೆ. ನಮ್ಮ ಟರ್ಕಿಯ ಕಾಗದದಲ್ಲಿ ಇದ್ದದ್ದು ಎಕ್ಸ್ ವರ್ಕ್ಸ್ ಇಜ್ಮಿರ್. ಅಂದರೆ ಅವರ ಫ್ಯಾಕ್ಟರಿ ಬಾಗಿಲಲ್ಲಿ ಮೆಷೀನ್ ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ಲಾರಿಗೆ ಏರಿಸುವುದು ನಮ್ಮ ಪಾಲು, ಬಂದರಿಗೆ ಸಾಗಿಸುವುದು ನಮ್ಮ ಪಾಲು, ಟರ್ಕಿಯ ಕಸ್ಟಮ್ಸ್‌ನಲ್ಲಿ ರಫ್ತಿನ ಕಾಗದ ಮಾಡಿಸುವುದೂ ನಮ್ಮ ಪಾಲು. ಸುಂಟಿಕೊಪ್ಪದಲ್ಲಿ ಕೂತು ಇಜ್ಮಿರ್‌ನ ಕಸ್ಟಮ್ಸ್‌ಗೆ ಯಾರನ್ನು ಕಳಿಸುವುದು? ರಫ್ತಿನ ಕಾಗದ ಮಾಡಿಸಿ, ನಾವು ಗೊತ್ತು ಮಾಡಿದ ಹಡಗು ಏಜೆಂಟರ ಕೈಗೆ ಒಪ್ಪಿಸಿ, ಅಂದರೆ ಎಫ್‌ಸಿಎ ಬೆಲೆ ಕೊಡಿ ಎಂದು ಬರೆದೆ. 390 ಯೂರೋ ಹೆಚ್ಚು ಹಾಕಿದರು. ಜಗಳವಾಡಲಿಲ್ಲ, ಅದು ನ್ಯಾಯವಾದ ಹಣವೇ.

ಭಾವನ ಕಾಗದದಲ್ಲಿದ್ದದ್ದು ಸಿಐಎಫ್ ಚೆನ್ನೈ. ಹಡಗಿನ ಬಾಡಿಗೆ, ವಿಮೆ ಎಲ್ಲ ಅವರದೇ. ಓದಿದರೆ ನೆಮ್ಮದಿ. ಆದರೆ ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಚೆನ್ನೈವರೆಗಿನ ಖರ್ಚು ಅವರದು ನಿಜ, ಜವಾಬ್ದಾರಿ ಮಾತ್ರ ಶಾಂಘೈನಲ್ಲಿ ಹಡಗಿಗೆ ಏರಿಸಿದ ಕೂಡಲೇ ನಮ್ಮ ತಲೆಗೆ ಬಂದಿರುತ್ತದೆ. ನಡುಕಡಲಲ್ಲಿ ಏನಾದರೂ ಆದರೆ ಮಾರಿದವರನ್ನು ಕೇಳುವಂತಿಲ್ಲ, ವಿಮೆಯವರನ್ನು ಕೇಳಬೇಕು. ಆ ವಿಮೆಯೋ, ಸಿಐಎಫ್ ನಿಯಮದಲ್ಲಿ ಕಡ್ಡಾಯವಿರುವುದು ಕನಿಷ್ಠದ್ದು, ಕ್ಲಾಸ್ ಸಿ ಎನ್ನುತ್ತಾರೆ. ಹಡಗು ಮುಳುಗಿದರೆ, ಬೆಂಕಿ ಬಿದ್ದರೆ, ಡಿಕ್ಕಿಯಾದರೆ ಅದು ಕೊಡುತ್ತದೆ. ಕಳವಾದರೆ, ಪೆಟ್ಟಿಗೆಯೊಳಗೆ ಉಪ್ಪುನೀರು ಹೊಕ್ಕರೆ, ಇಳಿಸುವಾಗ ಬಿದ್ದು ಒಡೆದರೆ ಕೊಡುವುದಿಲ್ಲ. ಭಾವನ ಮೆಷೀನಿನ ಡ್ರಮ್ ಬಾಗಿಲಿನ ಗಾಜು ಒಡೆದೇ ಬಂತು. ವಿಮೆಯ ಕಾಗದ ತೆಗೆದು ನೋಡಿದರೆ ಕ್ಲಾಸ್ ಸಿ. ಆರ್ಡರ್ ಮಾಡುವಾಗಲೇ ಕ್ಲಾಸ್ ಎ ಹಾಕಿಸಿ ಎಂದು ಒಂದು ಸಾಲು ಬರೆದಿದ್ದರೆ, ಸ್ವಲ್ಪ ಹೆಚ್ಚು ಪ್ರೀಮಿಯಂನಲ್ಲಿ ಮುಗಿಯುತ್ತಿತ್ತು.

ಎರಡನೆಯದು ಇನ್ನೂ ಸೂಕ್ಷ್ಮ. ನಮ್ಮಂಥ ಒಂದೇ ಪೆಟ್ಟಿಗೆಯ ಸರಕು ಇಡೀ ಕಂಟೈನರ್ ತುಂಬುವುದಿಲ್ಲ, ಹತ್ತಾರು ಜನರ ಸರಕಿನ ಜೊತೆ ಬರುತ್ತದೆ. ಇಂಥದ್ದರಲ್ಲಿ ಅಲ್ಲಿಯ ಏಜೆಂಟ್ ಮಾರುವವರಿಗೆ ಬಾಡಿಗೆಯನ್ನು ತೀರ ಕಡಿಮೆ ಹೇಳಿ, ಆ ನಷ್ಟವನ್ನು ಇಳಿಸುವ ಬಂದರಿನಲ್ಲಿ ಕೊಳ್ಳುವವರಿಂದ ತೆಗೆಯುವುದು ರೂಢಿ. ಚೆನ್ನೈಯಲ್ಲಿ ಡೆಲಿವರಿ ಆರ್ಡರ್ ಶುಲ್ಕ, ಗೋದಾಮಿನ ಶುಲ್ಕ, ಕಂಟೈನರ್ ಬಿಚ್ಚಿದ ಶುಲ್ಕ ಎಂದು ಭಾವನಿಗೆ 38 ಸಾವಿರದ ಬಿಲ್ ಬಂತು. ಏಜೆಂಟರನ್ನು ನಾನೇ ಆರಿಸಿಕೊಂಡಿದ್ದರಿಂದ ಅಷ್ಟೇ ತೂಕದ ಪೆಟ್ಟಿಗೆಗೆ ನನ್ನ ಬಿಲ್ 21 ಸಾವಿರ. ಸಿಐಎಫ್ ಬೆಲೆ ಒಪ್ಪುವ ಮೊದಲು, ಇಳಿಸುವ ಬಂದರಿನ ಸ್ಥಳೀಯ ಶುಲ್ಕಗಳ ಪಟ್ಟಿಯನ್ನು ನಿಮ್ಮ ಏಜೆಂಟರಿಂದ ಬರೆಸಿ ಕಳಿಸಿ ಎಂದು ಮಾರುವವರನ್ನೇ ಕೇಳಬೇಕು. ನಾವು ಕೇಳಿರಲಿಲ್ಲ.

ನನ್ನ ದಾರಿಯಲ್ಲೂ ಒಂದು ಹಳ್ಳ ಇತ್ತು. ನಮ್ಮ ಕಸ್ಟಮ್ಸ್ ಸುಂಕ ಹಾಕುವುದು ಸರಕಿನ ಬೆಲೆ, ಹಡಗಿನ ಬಾಡಿಗೆ, ವಿಮೆ ಮೂರೂ ಕೂಡಿದ ಮೊತ್ತದ ಮೇಲೆ. ಬಾಡಿಗೆಯ ಬಿಲ್ ತೋರಿಸಲಾಗದಿದ್ದರೆ ಹಡಗಿಗೆ ಏರಿಸಿದ ಬೆಲೆಯ, ಅಂದರೆ ಎಫ್‌ಒಬಿ ಬೆಲೆಯ, ಶೇ. 20ನ್ನು ಬಾಡಿಗೆ ಎಂದೂ ಶೇ. 1.125ನ್ನು ವಿಮೆ ಎಂದೂ ಹಿಡಿಯುತ್ತಾರೆ. ನನಗೆ ಬಾಡಿಗೆ, ವಿಮೆ ಎರಡೂ ಸೇರಿ ಆದದ್ದು 44 ಸಾವಿರ. ಬಿಲ್ ಇಲ್ಲದಿದ್ದರೆ ಬಾಡಿಗೆಯೊಂದನ್ನೇ ಲಕ್ಷದ ನಲವತ್ತೈದು ಸಾವಿರ ಎಂದು ಹಿಡಿದು ಅದರ ಮೇಲೂ ಸುಂಕ ಬೀಳುತ್ತಿತ್ತು. ಆ ಒಂದು ಕಾಗದವನ್ನು ಪಾಸ್‌ಬುಕ್ಕಿಗಿಂತ ಜೋಪಾನ ಮಾಡಿದೆ.

ಇನ್ನು ಆಪ್ಷನಲ್ ಎಂಬ ಪಟ್ಟಿ. ಟರ್ಕಿಯ ಕಾಗದದ ಎರಡನೇ ಪುಟದಲ್ಲಿತ್ತು, ಅದರ ಬೆಲೆ ಮೊದಲ ಪುಟದ ಒಟ್ಟು ಮೊತ್ತಕ್ಕೆ ಸೇರಿರಲಿಲ್ಲ. ಅದರಲ್ಲಿ ಮರದ ಪೆಟ್ಟಿಗೆ 280 ಯೂರೋ! ಪೆಟ್ಟಿಗೆ ಇಲ್ಲದೆ ಸಮುದ್ರ ದಾಟುವುದು ಹೇಗೆ ಸ್ವಾಮಿ, ಈಜಿಕೊಂಡೇ? ಬೇಕಿದ್ದ ಬಿಡಿಭಾಗದ ಕಿಟ್ 320, ಬೀಜದ ಉಷ್ಣತೆ ಕಂಪ್ಯೂಟರಿಗೆ ಕಳಿಸುವ ಪ್ರೋಬ್ 250. ಒಟ್ಟು 850. ಕಲ್ಲು ತೆಗೆಯುವ ಯಂತ್ರ 1.900,00 ಎಂದಿತ್ತು, ಕಣದಲ್ಲಿ ಒಣಗಿಸಿ ಕೈಯಲ್ಲೇ ಆರಿಸಿದ ನಮ್ಮ ಬೀಜಕ್ಕೆ ಅದು ಬೇಡ ಎಂದು ಬಿಟ್ಟೆ. ಚಿಮಣಿಯನ್ನೂ ಬಿಟ್ಟೆ, ಕುಶಾಲನಗರದಲ್ಲಿ ತಗಡಿನ ಕೆಲಸದವರು ಸ್ಟೀಲಿನಲ್ಲಿ ಮಾಡಿಕೊಟ್ಟರು.

ಚೀನಾದ ಕಾಗದದಲ್ಲಿ ಆಪ್ಷನಲ್ ಪಟ್ಟಿಯೇ ಇರಲಿಲ್ಲ, ಅದಕ್ಕೇ ಭಾವನಿಗೆ ಅದು ಪ್ರಾಮಾಣಿಕ ಎನಿಸಿತು. ಆದರೆ ಯಂತ್ರದ ವಿವರದ ನಡುವೆ, ಸೈಕ್ಲೋನ್ ಎಂಬುದರ ಎದುರು ಬೈ ಬಯರ್ ಎಂದು ಎರಡೇ ಪದ. ಹುರಿಯುವಾಗ ಹಾರುವ ಸಿಪ್ಪೆಯನ್ನು ಹಿಡಿದಿಡುವ ಕೊಳವೆ ಅದು. ಅದಿಲ್ಲದಿದ್ದರೆ ಸಿಪ್ಪೆ ಚಿಮಣಿಯಲ್ಲಿ ಕೂತು ಒಂದು ದಿನ ಬೆಂಕಿ ಹತ್ತುತ್ತದೆ. ಬೈ ಬಯರ್, ಬೈ ಅದರ್ಸ್, ನಾಟ್ ಇನ್ ಅವರ್ ಸ್ಕೋಪ್, ಎಲ್ಲದರ ಅರ್ಥ ಒಂದೇ: ನೀವೇ ತನ್ನಿ. ಬೈ ಅದರ್ಸ್ ಎಂದರೆ ಬೇರೆ ಯಾರೋ ಪುಣ್ಯಾತ್ಮರು ಕೊಡುತ್ತಾರೆ ಎಂದಲ್ಲ.

"ಇದನ್ನೂ ಕುಶಾಲನಗರದಲ್ಲೇ ಮಾಡಿಸೋಣ್ವಾ?" ಎಂದು ಭಾವ ಕೇಳಿದರು.

"ಬೇಡಿ ಭಾವ, ಅದು ಫ್ಯಾನಿನ ಗಾಳಿಗೆ ಸರಿಹೊಂದಬೇಕು. ಗಾಳಿ ಕಟ್ಟಿಕೊಂಡರೆ ಕಾಫಿಗೆ ಹೊಗೆ ವಾಸನೆ ಬರುತ್ತೆ. ಅವರಿಂದಲೇ ತರಿಸಿ" ಎಂದೆ. 650 ಡಾಲರ್ ಆಯಿತು. ಕಿಟ್ಟು, ಪ್ರೋಬು ಸೇರಿ 980.

ಎರಡೂ ಕಾಗದದಲ್ಲಿ ಬೆಲೆಯೇ ಇಲ್ಲದ ಒಂದು ಸಾಲಿತ್ತು. ಟರ್ಕಿಯವರು ಗ್ಯಾಸ್ ಯಾವುದು ತಿಳಿಸಿ ಎಂದು ಬಿಟ್ಟಿದ್ದರು, ಚೀನಾದವರು ಪೈಪಿನಲ್ಲಿ ಬರುವ ನ್ಯಾಚುರಲ್ ಗ್ಯಾಸ್ ಎಂದೇ ಬರೆದಿದ್ದರು. ನಮ್ಮದು ಸಿಲಿಂಡರ್. ಎಲ್‌ಪಿಜಿಗೆ ಬರ್ನರ್‌ನ ತೂತು ಸಣ್ಣದಿರಬೇಕು, ದೊಡ್ಡದಿದ್ದರೆ ಜ್ವಾಲೆ ಹಳದಿಯಾಗಿ ಮಸಿ ಕಟ್ಟುತ್ತದೆ. ಕೇಳಿದ್ದಕ್ಕೆ ಇಬ್ಬರೂ ಬಿಟ್ಟಿಯಾಗಿಯೇ ಬದಲಿಸಿಕೊಟ್ಟರು.

ಈಗ ಎರಡನ್ನೂ ಒಂದೇ ಕಡೆ, ಚೆನ್ನೈ ಬಂದರಿನ ಹೊರಬಾಗಿಲಲ್ಲಿ ನಿಲ್ಲಿಸಿದರೆ: ಸುಂಕ ಬಿಟ್ಟು ಟರ್ಕಿಯದು 7,93,100, ಚೀನಾದ್ದು 7,75,040. ಮೊದಲ ದಿನ 39 ಸಾವಿರ ಅಗ್ಗವಾಗಿದ್ದದ್ದು 18 ಸಾವಿರ ದುಬಾರಿಯಾಗಿ ಕೂತಿತ್ತು.

ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ನನ್ನ ಕೊಟೇಶನ್‌ನ ತಾರೀಖು ಫೆಬ್ರವರಿ 5, ವ್ಯಾಲಿಡಿಟಿ 30 ದಿನ. ಮಾರ್ಚ್ 6ರವರೆಗೆ ಸಮಯ ಇದೆ ಎಂದು ಫೆಬ್ರವರಿ 29ಕ್ಕೆ ಆರ್ಡರ್ ಮೇಲ್ ಕಳಿಸಿ ಆರಾಮಾಗಿದ್ದೆ. ಆದರೆ ವ್ಯಾಲಿಡಿಟಿಯ ಸಾಲನ್ನು ಅದೊಂದನ್ನೇ ಓದಬಾರದಿತ್ತು. ಕೆಳಗೆ ಪೇಮೆಂಟ್ ಎಂಬ ಕಡೆ, ಶೇ. 30 ಮುಂಗಡ ನಮ್ಮ ಖಾತೆಗೆ ಬಂದ ಮೇಲೆಯೇ ಆರ್ಡರ್ ಖಚಿತ ಎಂದಿತ್ತು. ಮೂವತ್ತು ದಿನದೊಳಗೆ ಮುಟ್ಟಬೇಕಾದದ್ದು ನನ್ನ ಮೇಲ್ ಅಲ್ಲ, ನನ್ನ ದುಡ್ಡು. ಇಲ್ಲಿ ಬ್ಯಾಂಕಿನವರು ಆಮದುದಾರರ ಐಇಸಿ ನಂಬರ್ ಇಲ್ಲದೆ ಮುಂಗಡ ಕಳಿಸುವುದಿಲ್ಲ ಎಂದರು. ಅದನ್ನು ಮಾಡಿಸಲು ಹೋದರೆ ಪ್ಯಾನ್ ಕಾರ್ಡಿನ ಹೆಸರಿಗೂ ಬ್ಯಾಂಕ್ ಖಾತೆಯ ಹೆಸರಿಗೂ ಮನೆತನದ ಹೆಸರಿನ ಸ್ಪೆಲ್ಲಿಂಗ್ ತಾಳೆಯಾಗಲಿಲ್ಲ. ದುಡ್ಡು ಮುಟ್ಟಿದ್ದು ಮಾರ್ಚ್ 11ಕ್ಕೆ. ಅಷ್ಟರಲ್ಲಿ ಅವರ ಬೆಲೆಪಟ್ಟಿ ಶೇ. 4 ಏರಿತ್ತು. ಬೇಡಿಕೊಂಡ ಮೇಲೆ ಏರಿಕೆಯನ್ನು ಮೆಷೀನಿಗೆ ಮಾತ್ರ ಹಾಕಿದರು, 274 ಯೂರೋ, ಸುಮಾರು 24,660 ರೂಪಾಯಿ.

ಭಾವನ ಕಾಗದದ ವ್ಯಾಲಿಡಿಟಿ ಬರೀ 15 ದಿನ, ಜೊತೆಗೆ ಡಾಲರ್ ದರವೋ ಸ್ಟೀಲ್ ದರವೋ ಬದಲಾದರೆ ಬೆಲೆಯೂ ಬದಲಾದೀತು ಎಂಬ ಬಾಲ. ಅಂಥ ಬಾಲವಿದ್ದರೆ ಹದಿನೈದು ದಿನಕ್ಕೂ ಅರ್ಥವಿಲ್ಲ ಎಂದು ನಾನು ಹೆದರಿಸಿದ್ದೆ. ಅವರು ಹೆದರಿದ್ದೇ ಒಳ್ಳೆಯದಾಯಿತು. ಹನ್ನೆರಡನೇ ದಿನಕ್ಕೇ ಬರೆದು, ಬಾಲ ತೆಗೆದು, ಬೆಲೆ ಗಟ್ಟಿ ಮಾಡಿ, ಏಪ್ರಿಲ್ 10ರೊಳಗೆ ಮುಂಗಡ ಬಂದರೆ ಸಾಕು ಎಂದು ತಾರೀಖು ಸಮೇತ ಪ್ರೊಫಾರ್ಮಾ ಇನ್‌ವಾಯ್ಸ್ ಹಾಕಿಸಿಕೊಂಡರು. ದಿನದ ಲೆಕ್ಕ ಬಿಟ್ಟು ತಾರೀಖನ್ನೇ ಬರೆಸಿದ್ದರಿಂದ ಎಣಿಕೆಯ ಗೊಂದಲವೂ ಇಲ್ಲ.

ಮೊನ್ನೆ ಸೋಮವಾರಪೇಟೆಯ ಸ್ನೇಹಿತರೊಬ್ಬರು ಗ್ರೈಂಡರ್‌ನ ಕೊಟೇಶನ್ ತಂದು ನನಗೆ ತೋರಿಸಿದರು. ಬೆಲೆ ನೋಡುವ ಮೊದಲು ಕೊನೆಯ ಪುಟ ತಿರುಗಿಸಿದೆ. ಎಫ್‌ಒಬಿ ಜಿನೋವಾ, 60 ದಿನ, ಮುಂಗಡ ಶೇ. 50, ಪೆಟ್ಟಿಗೆ ಬೈ ಅದರ್ಸ್.

"ವಿರಾಜಪೇಟೆಗೆ ಹೋಗಿ ಭಾವನಿಗೆ ತೋರಿಸಿ, ಅವರು ಪತ್ರ ಬರೆಯೋದರಲ್ಲಿ ನನಗಿಂತ ಜೋರು" ಎಂದು ಕಾಫಿ ಕೊಟ್ಟು ಕಳಿಸಿದೆ.