‘ಹೂಂ’ ಅಂದರೆ ಒಪ್ಪಿಗೆಯಾ? ಒಂದೇ ಚರ್ಚೆಯನ್ನು ಎರಡು ರೀತಿ ಬರೆದು ನೋಡಿದೆ

ಕಳೆದ ಮಳೆಗಾಲಕ್ಕೆ ಮೊದಲು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಅಡಿಕೆ ಬೆಳೆಗಾರರ ಗುಂಪು ಚರ್ಚೆ ನಡೆಸಿದೆ. ಜಗಲಿಯ ಮೇಲೆ ಎಂಟು ಜನ, ಒಂದೂವರೆ ಗಂಟೆ. ವಿಷಯ ಒಂದೇ: ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವ ಕೊನೆಗಾರರು ಸಿಗುವುದಿಲ್ಲ, ನೆಲದಲ್ಲೇ ನಿಂತು ಹೊಡೆಯುವ ಕಾರ್ಬನ್ ಫೈಬರ್ ದೋಟಿ ಅದಕ್ಕೆ ಪರಿಹಾರವಾ?

ಆ ಒಂದೇ ರೆಕಾರ್ಡಿಂಗನ್ನು ಎರಡು ರೀತಿಯಲ್ಲಿ ಬರೆದೆ. ಮೊದಲನೆಯದು ನಾವೆಲ್ಲ ಮಾಡುವ ಸಾರಾಂಶ. ವಿಷಯಗಳನ್ನು ಒಟ್ಟು ಮಾಡಿ, ಪ್ರತಿಯೊಂದಕ್ಕೂ ಒಂದು ಪ್ಯಾರಾ. ಅರ್ಧ ದಿನದಲ್ಲಿ ಮುಗಿಯಿತು. ‘ಬಹುತೇಕ ಬೆಳೆಗಾರರು ದೋಟಿಯಿಂದ ಅನುಕೂಲವಾಗಿದೆ ಎಂದರು’ ಎಂಬುದು ಅದರ ಮುಖ್ಯ ಸಾಲು. ಓದಲು ಚೆನ್ನಾಗಿತ್ತು.

ಎರಡನೆಯದು ಚೌಕದ ಹಾಳೆ. ಒಬ್ಬೊಬ್ಬರಿಗೆ ಒಂದು ಸಾಲು, ಒಂದೊಂದು ವಿಷಯಕ್ಕೆ ಒಂದು ಕಾಲಂ. ತಮ್ಮದೇ ತೋಟದ ಉದಾಹರಣೆ ಕೊಟ್ಟು ಒಪ್ಪಿದರಾ, ವಿರೋಧಿಸಿದರಾ, ನಡುವೆ ಮಾತು ಬದಲಿಸಿದರಾ, ಬರೀ ‘ಹೂಂ’ ಅಂದರಾ, ಏನೂ ಹೇಳಲೇ ಇಲ್ಲವಾ ಎಂದು ಪ್ರತಿ ಚೌಕದಲ್ಲೂ ಗುರುತು. ಇದಕ್ಕೆ ಎರಡು ದಿನ ಹಿಡಿಯಿತು. ಧ್ವನಿ ಯಾರದ್ದು ಎಂದು ರೆಕಾರ್ಡಿಂಗ್ ಒಂದರಿಂದಲೇ ಹೇಳಲು ಆಗುವುದಿಲ್ಲ. ಜೊತೆಗೆ ಬಂದಿದ್ದ ಗೆಳತಿ ಕೂತವರ ಚಿತ್ರ ಬರೆದು ನಂಬರ್ ಕೊಟ್ಟಿದ್ದಳು. ಪ್ರತಿ ಸಲ ಯಾರು ಬಾಯಿ ತೆರೆದರೂ ಆ ನಂಬರ್ ಮತ್ತು ಅವರ ಮೊದಲ ಎರಡು ಪದ ಬರೆದುಕೊಂಡಿದ್ದಳು. ಅದಿಲ್ಲದಿದ್ದರೆ ಈ ಹಾಳೆ ತುಂಬುತ್ತಲೇ ಇರಲಿಲ್ಲ.

ಹಾಳೆ ತುಂಬಿದ ಮೇಲೆ ‘ಬಹುತೇಕ’ ಕರಗಿಹೋಯಿತು. ಸ್ವಂತ ಅನುಭವ ಹೇಳಿ ಒಪ್ಪಿದವರು ಮೂವರೇ. ಇಬ್ಬರು ವಿರೋಧಿಸಿದ್ದರು. ಒಬ್ಬರದು ಹಳೇ ತೋಟ. ಮರ ಎತ್ತರ, ದೋಟಿ ಪೂರ್ತಿ ಉದ್ದ ಮಾಡಿದರೆ ತುದಿ ಬಾಗುತ್ತದೆ, ಔಷಧಿ ಗೊನೆಗೆ ಸರಿಯಾಗಿ ಬೀಳುವುದಿಲ್ಲ ಎಂದಿದ್ದರು. ಒಬ್ಬರೇ ತೋಟ ನೋಡಿಕೊಳ್ಳುವ ಅಕ್ಕ, ದೋಟಿ ಹಿಡಿಯಲು ಒಬ್ಬ, ಪೈಪ್ ಎಳೆಯಲು ಒಬ್ಬ ಬೇಕೇ ಬೇಕು, ಆಳಿನ ತೊಂದರೆ ತೀರುವುದು ಎಲ್ಲಿ ಎಂದಿದ್ದರು. ಇವೆರಡೂ ಬೇರೆ ಬೇರೆ ಕಾರಣ. ಸಾರಾಂಶದಲ್ಲಿ ನಾನು ಎರಡನ್ನೂ ಸೇರಿಸಿ ‘ಕೆಲವರಿಗೆ ಅನುಮಾನವಿದೆ’ ಎಂದು ಬರೆದುಬಿಟ್ಟಿದ್ದೆ. ಅದು ತಪ್ಪು.

ಒಬ್ಬರು ಮೊದಲು ಬೇಡ ಅಂದವರು, ಅರ್ಧ ಗಂಟೆ ಬಿಟ್ಟು ಸರಿ ಅಂದಿದ್ದರು. ಇಂಥ ಕಡೆ ನಾನು ನಡುವಿನ ಮಾತನ್ನು ಮತ್ತೆ ಕೇಳುತ್ತೇನೆ. ಹೊಸ ಕಾರಣ ಹೇಳಿ ತಿರುಗಿದ್ದರೆ ನಿಜವಾಗಿ ಮನಸ್ಸು ಬದಲಾಗಿರಬಹುದು. ಇಲ್ಲಿ ಅವರು ಹೇಳಿದ್ದು ‘ಗೌಡ್ರು ಹೇಳಿದ ಮೇಲೆ ಸರಿ ಬಿಡಿ’ ಅಂತ ಮಾತ್ರ. ಅದಕ್ಕೇ ಎರಡು ಮಾತನ್ನೂ, ನಡುವೆ ದೊಡ್ಡ ತೋಟದವರು ಮಾತಾಡಿದ್ದನ್ನೂ ಹಾಗೆಯೇ ಬರೆದೆ. ಒಪ್ಪಿದವರ ಲೆಕ್ಕಕ್ಕೆ ಸೇರಿಸಲಿಲ್ಲ.

ಉಳಿದ ಇಬ್ಬರದು ಬರೀ ‘ಹೂಂ’. ನಮ್ಮ ಕಡೆ ಹೂಂ ಅಂದರೆ ಒಪ್ಪಿಗೆ ಅಲ್ಲ, ‘ಕೇಳ್ತಾ ಇದ್ದೀನಿ, ಮುಂದೆ ಹೇಳಿ’ ಅಂತ. ಕಥೆ ಕೇಳುವಾಗ ಹೂಂಗುಟ್ಟುತ್ತೇವಲ್ಲ, ಹಾಗೆ. ಸಾರಾಂಶ ಬರೆಯುವಾಗ ಅದನ್ನೂ ಹೌದು ಎಂದೇ ಎಣಿಸಿದ್ದೆ. ಇದರಲ್ಲಿ ಅರ್ಧ ತಪ್ಪು ಚರ್ಚೆ ನಡೆಸುವಾಗಲೇ ಆಗಿತ್ತು. ‘ಎಲ್ಲರಿಗೂ ಹಾಗೇ ಅಲ್ವಾ?’ ಎಂದು ನಾನೇ ಎರಡು ಸಲ ಕೇಳಿದ್ದು ರೆಕಾರ್ಡಿಂಗಿನಲ್ಲಿದೆ. ಹಾಗೆ ಕೇಳಿದರೆ ಯಾರು ಇಲ್ಲ ಅಂತಾರೆ? ಮುಂದಿನ ಹಳ್ಳಿಯಲ್ಲಿ ‘ಬೇರೆ ಥರ ಅನುಭವ ಆದವರು ಇದ್ದೀರಾ?’ ಎಂದು ಕೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿದೆ. ಆಮೇಲೆ ‘ಅಕ್ಕ, ಹೂಂ ಅಂದ್ರಲ್ಲ, ನಿಮ್ಮ ತೋಟದಲ್ಲೂ ಹಾಗೇನಾ?’ ಎಂದೆ. ಅಲ್ಲಿ ಬರೀ ಹೂಂ ಇರುವ ಸಾಲು ಒಂದೂ ಉಳಿಯಲಿಲ್ಲ.

ಸಾರಾಂಶವನ್ನು ಪೂರ್ತಿ ಬಿಟ್ಟಿಲ್ಲ. ಸರ್ವೆ ಪ್ರಶ್ನೆಗಳನ್ನು ಮಾಡುವ ಮೊದಲು ಜನ ಏನೇನು ವಿಷಯ ಎತ್ತುತ್ತಾರೆ ಎಂದು ತಿಳಿಯಲು ಅದು ಸಾಕು. ಯಾರಾದರೂ ಅದನ್ನು ನೋಡಿ ದುಡ್ಡು ಹಾಕುವ ತೀರ್ಮಾನ ಮಾಡುತ್ತಾರೆ ಅಂದರೆ ಚೌಕದ ಹಾಳೆಯೇ ಬೇಕು. ಆದರೆ ಅದರ ಎಣಿಕೆಯನ್ನು ಶೇಕಡಾ ಮಾಡಬೇಡಿ. ಎಂಟು ಜನರಲ್ಲಿ ಮೂವರು ಅಂದರೆ ಆ ಜಗಲಿಯ ಮೂವರು, ಅಷ್ಟೇ. ತಾಲ್ಲೂಕಿನ ಲೆಕ್ಕ ಅಲ್ಲ. ಇನ್ನೊಂದು ಕೊರತೆ, ಯಾರ ಮಾತಿಗೆ ಯಾರು ಉತ್ತರಿಸಿದರು ಎಂಬುದು ಚೌಕದೊಳಗೆ ಕಾಣುವುದಿಲ್ಲ. ಅದಕ್ಕೆ ಹಾಳೆಯ ಜೊತೆ ಒಂದೆರಡು ಕಡೆ ಸಂಭಾಷಣೆಯನ್ನೇ ಇದ್ದ ಹಾಗೆ ಹಾಕುತ್ತೇನೆ.

ಹೂಂ ಅಂದ ಇಬ್ಬರಿಗೂ ಫೋನ್ ಮಾಡಿ ಬರೆದದ್ದನ್ನು ಓದಿ ಹೇಳಿದೆ. ಒಬ್ಬರು, ‘ನಾನು ಒಪ್ಪಿದ್ದಲ್ಲ ಮಾರಾಯ್ರೇ. ನನ್ನ ತಮ್ಮ ಇನ್ನೂ ಮರ ಹತ್ತಿಯೇ ಸಂಸಾರ ನಡೆಸೋದು. ದೋಟಿ ಬಂದ್ರೆ ಅವನ ಕೆಲಸ ಏನಾಗ್ಬೇಕು? ಅಲ್ಲಿ ಎಲ್ಲರ ಎದುರು ಅದನ್ನ ಹೇಗೆ ಹೇಳ್ಲಿ?’ ಎಂದರು. ಆ ಮಾತನ್ನು ಹಾಳೆಯ ಚೌಕಕ್ಕೆ ಹಾಕಲಿಲ್ಲ, ಯಾಕೆಂದರೆ ಅದು ಗುಂಪಿನಲ್ಲಿ ಬಂದದ್ದಲ್ಲ. ಅಲ್ಲಿ ‘ಹೂಂ’ ಹಾಗೆಯೇ ಇದೆ. ಅವರ ಒಪ್ಪಿಗೆ ಕೇಳಿ, ಊರಿನ ಗುರುತು ಸಿಗದಂತೆ, ‘ಚರ್ಚೆಯ ನಂತರ ಫೋನಿನಲ್ಲಿ’ ಎಂದು ಕೆಳಗೆ ಬೇರೆಯಾಗಿ ಬರೆದೆ.