ಕನ್ನಡ ಕಲಿಯುವ ಕೀಬೋರ್ಡಿಗೆ ಸ್ಟಿಕರ್ರೋ, ಅಚ್ಚಿನ ಕೀಕ್ಯಾಪೋ?

ಕೀಲಿಯ ಮೇಲೆ ಅಂಟಿಸುವ ಸ್ಟಿಕರ್, ಕೀಲಿಯ ಟೊಪ್ಪಿಗೆಯನ್ನೇ ಬದಲಿಸುವ ಅಚ್ಚಿನ ಕೀಕ್ಯಾಪ್, ಈ ಎರಡರಲ್ಲಿ ಯಾವುದನ್ನು ಕೊಳ್ಳುವುದಾದರೂ ಮೊದಲು H ಕೀಲಿಯ ಮೇಲೆ ಏನಿದೆ ನೋಡಿ. ಯಾವ ಅಕ್ಷರ ಯಾವ ಕೀಲಿಗೆ ಎಂಬ ಜೋಡಣೆ ಎಲ್ಲದರಲ್ಲೂ ಒಂದೇ ಅಲ್ಲ. ಪ ಇದ್ದರೆ ಅದು ಇನ್‌ಸ್ಕ್ರಿಪ್ಟ್, ಹ ಇದ್ದರೆ ನುಡಿ ತಂತ್ರಾಂಶದ ವಿನ್ಯಾಸ. K ನೋಡಿ ನಿರ್ಧರಿಸಬೇಡಿ. ಎರಡರಲ್ಲೂ ಅಲ್ಲಿ ಕ, ಖ ಇರುವುದರಿಂದ ಮೋಸಹೋಗುವುದೇ ಅಲ್ಲಿ. ಮಂಡ್ಯದಲ್ಲಿ ಕಲಿಯುವವರ ಕೈಗೆ ಸ್ಟಿಕರ್, ಕೀಕ್ಯಾಪ್ ಎರಡನ್ನೂ ಕೊಟ್ಟು ನೋಡಿದಾಗ ಮೊದಲ ತೊಡಕು ಇದೇ ಆಗಿತ್ತು: ಕಲಿಸುವುದು ನುಡಿ, ಅಂಟಿಸಿದ್ದು ಇನ್‌ಸ್ಕ್ರಿಪ್ಟ್.

‘ಮಂಡ್ಯ’ ಎಂದು ಒಮ್ಮೆ ಟೈಪ್ ಮಾಡಿದರೆ ವ್ಯತ್ಯಾಸ ತಿಳಿಯುತ್ತದೆ.

```
ಇನ್‌ಸ್ಕ್ರಿಪ್ಟ್:  c x [ d /
ನುಡಿ:         m M w f y
```

ಇನ್‌ಸ್ಕ್ರಿಪ್ಟ್‌ನಲ್ಲಿ ಡ ಮತ್ತು ಯ ಇರುವುದು ಚಿಹ್ನೆಗಳ ಕೀಲಿಗಳ ಮೇಲೆ. ಹಾಗಾಗಿ ಬರೀ 26 ಇಂಗ್ಲಿಷ್ ಅಕ್ಷರದ ಕೀಲಿಗಳಿಗಷ್ಟೇ ಇರುವ ಸ್ಟಿಕರ್ ಹಾಳೆಯಾಗಲಿ, ಕ್ಯಾಪ್ ಸೆಟ್ ಆಗಲಿ ಕೊಂಡರೆ ಊರಿನ ಹೆಸರನ್ನೂ ನೋಡಿಕೊಂಡು ಬರೆಯಲಾಗದು. ಚ, ಟ ಕೂಡ ಅದೇ ಬಲತುದಿಯಲ್ಲಿವೆ.

ಕೂರುವ ವಿಷಯದಲ್ಲಿ ಸ್ಟಿಕರ್ ಎಲ್ಲಕ್ಕೂ ಒಗ್ಗುತ್ತದೆ. ಕೀಕ್ಯಾಪ್ ಹಾಗಲ್ಲ. ಅಡಿಯಲ್ಲಿ ಅಧಿಕ ಚಿಹ್ನೆಯಾಕಾರದ ಕಡ್ಡಿ ಇರುವ ಮೆಕ್ಯಾನಿಕಲ್ ಕೀಬೋರ್ಡ್ ಬೇಕು, ಲ್ಯಾಪ್‌ಟಾಪಿಗೆ ಅದು ಆಗುವುದೇ ಇಲ್ಲ. ಇನ್‌ಸ್ಕ್ರಿಪ್ಟ್ ಸೆಟ್ ಕೊಂಡು ನುಡಿಗೆ ತಕ್ಕಂತೆ ಕ್ಯಾಪ್ ಅದಲುಬದಲು ಮಾಡೋಣ ಅನ್ನಬೇಡಿ. ಇಂಗ್ಲಿಷ್ ಅಕ್ಷರವೂ ಜೊತೆಗೇ ಜಾಗ ಬಿಡುತ್ತದೆ. ಹೆಚ್ಚಿನ ಸೆಟ್‌ಗಳಲ್ಲಿ ಒಂದೊಂದು ಸಾಲಿನ ಎತ್ತರ, ಇಳಿಜಾರು ಬೇರೆ ಬೇರೆ ಇರುವುದರಿಂದ ಬೆರಳೂ ಎಡವುತ್ತದೆ.

ಓದುವ ಸುಲಭದಲ್ಲಿ ಅಚ್ಚಿನ ಕ್ಯಾಪೇ ಮೇಲು. ಪ–ಫ, ದ–ಧ, ಡ–ಢ ಬೇರೆಯಾಗುವುದು ಅಡಿಯ ಪುಟ್ಟ ಗೆರೆಯಿಂದ. ಎರಡು ಭಾಷೆ ತುರುಕಿದ ಸ್ಟಿಕರಿನಲ್ಲಿ ಆ ಗೆರೆ ಮಸಿಯಲ್ಲಿ ಮುಳುಗುತ್ತದೆ. ಇನ್‌ಸ್ಕ್ರಿಪ್ಟಿನ D ಮೇಲೆ ಅ ಜೊತೆಗೆ ್ ಇರಬೇಕು. ಒತ್ತಕ್ಷರಕ್ಕೆಲ್ಲ ಅದೇ ಆಧಾರ. ಅದನ್ನು ಚುಕ್ಕಿವೃತ್ತದ ಜೊತೆ ಅಚ್ಚು ಮಾಡಿರದಿದ್ದರೆ ಹೊಸಬರು ಕೊಳೆಯ ಗುರುತು ಅಂದುಕೊಂಡು ಬಿಟ್ಟುಬಿಡುತ್ತಾರೆ. ಪಾರದರ್ಶಕ ಸ್ಟಿಕರ್ ಆದರೆ ಕನ್ನಡ ಅಕ್ಷರ ಕೀಲಿಯ ಇಂಗ್ಲಿಷ್ ಅಕ್ಷರದ ಮೇಲೇ ಬೀಳದಂತೆ ಮೊದಲೇ ಇಟ್ಟು ನೋಡಿ. ಒಳಗಿನಿಂದ ಬೆಳಗುವ ಕೀಲಿಗೆ ದಪ್ಪ ಕಪ್ಪು ಸ್ಟಿಕರ್ ಬೇಡ, ಬೆಳಕು ಮುಚ್ಚಿಹೋಗುತ್ತದೆ.

ಸವೆತ ಶುರುವಾಗುವುದು ಸ್ಟಿಕರಿನ ಅಂಚಿನಿಂದ. ಬೇಸಿಗೆಯಲ್ಲಿ ಬೆವರಿದ ಬೆರಳು ಮೂಲೆ ಎಬ್ಬಿಸಿದರೆ ಅಂಟು ಹೊರಬಂದು ಧೂಳು ಹಿಡಿಯುತ್ತದೆ. ಕೀಬೋರ್ಡ್ ಆಫ್ ಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ತಾಗಿಸಿದ ಬಟ್ಟೆಯಿಂದ ಕೀಲಿ ಒರೆಸಿ, ಪೂರ್ತಿ ಆರಿದ ಮೇಲೆ ಚಿಮಟದಲ್ಲಿ ಹಿಡಿದು ಅಂಟಿಸಿ. ಸ್ಟಿಕರ್ ಕೀಲಿಯ ಅಂಚಿಗಿಂತ ಸುತ್ತಲೂ ತುಸು ಒಳಗೇ ಇರಲಿ. F, J ಮೇಲಿನ ಉಬ್ಬುಗೆರೆಗೆ ಕಿಂಡಿ ಕತ್ತರಿಸಿ, ನೋಡದೆ ಬೆರಳಿಡಲು ಅದು ಬೇಕೇ ಬೇಕು.

ಕ್ಯಾಪ್‌ಗಳಲ್ಲೂ ಮೇಲೆ ಮಸಿ ಬಳಿದಂತಿರುವುದು ಬೆರಳಿಗೆ ಅಳಿಯುತ್ತದೆ. ಪಿಬಿಟಿ ಎಂಬ ಪ್ಲಾಸ್ಟಿಕ್ಕಿನೊಳಕ್ಕೆ ಬಣ್ಣ ಇಳಿದ ಡೈ-ಸಬ್ ಕ್ಯಾಪ್ ಬಹುಕಾಲ ಬಾಳುತ್ತದೆ. ಉಗುರಾಡಿಸಿ ನೋಡಿ: ಅಕ್ಷರ ಉಬ್ಬಿ ಸಿಕ್ಕಿದರೆ ಅದು ಮೇಲ್ಮಸಿ.

ಲ್ಯಾಪ್‌ಟಾಪಿನಲ್ಲಿ ಕಲಿಯುವವರಿಗೆ ಮ್ಯಾಟ್ ಸ್ಟಿಕರ್ ಸಾಕು. ಒಂದೇ ಕೀಬೋರ್ಡಿನಲ್ಲಿ ದಿನವಿಡೀ ಹತ್ತು ಜನ ಕಲಿಯುವ ತರಗತಿಗೆ ನಮ್ಮ ಆಯ್ಕೆ ಡೈ-ಸಬ್ ಕ್ಯಾಪ್.